ಅಂಕಿಯ ಪಕ್ಕದ ಮಾತು: ಕನ್ನಡದ ಬಿಸಿನೆಸ್ ಪ್ಲಾನ್ ಸಾರಾಂಶವನ್ನು ವಿದೇಶಿ ಸಾಲದಾತರಿಗಾಗಿ ಇಂಗ್ಲಿಷ್‌ನಲ್ಲಿ ಬರೆಯುವಾಗ

“ನಮ್ಮ ಘಟಕ ವರ್ಷಕ್ಕೆ 840 ಟನ್ ನವಣೆ ಸಂಸ್ಕರಿಸುತ್ತದೆ.”

ಈ ವಾಕ್ಯ ಓದಿ ಹೇಳಿ, ಘಟಕ ಈಗಾಗಲೇ ನಡೀತಾ ಇದೆಯಾ ಅಥವಾ ಇನ್ನು ಮುಂದೆ ಶುರುವಾಗಬೇಕಾ? ಕನ್ನಡದಲ್ಲಿ ಎರಡೂ ಅರ್ಥ ಬರುತ್ತದೆ. “ನಾಳೆ ಬರುತ್ತಾನೆ” ಅಂತಲೂ ಹೇಳುತ್ತೇವೆ, “ದಿನಾ ಬರುತ್ತಾನೆ” ಅಂತಲೂ ಹೇಳುತ್ತೇವೆ. ಕ್ರಿಯಾಪದ ಒಂದೇ. ಊರಿನ ಬ್ಯಾಂಕ್ ಮ್ಯಾನೇಜರ್‌ಗೆ ಇದರಿಂದ ಏನೂ ತೊಂದರೆಯಿಲ್ಲ. ಅವರು ಜಾಗ ನೋಡಿ ಬಂದಿರುತ್ತಾರೆ, ಅಲ್ಲಿ ಇನ್ನೂ ತಳಪಾಯವೂ ಬಿದ್ದಿಲ್ಲ ಅನ್ನೋದು ಅವರಿಗೆ ಗೊತ್ತು. ಆದರೆ ಸಾಲ ಕೊಡುವವರು ಬೇರೆ ದೇಶದಲ್ಲಿದ್ದರೆ ಅವರ ಮುಂದೆ ಇರುವುದು ಎರಡು ಪುಟದ ಇಂಗ್ಲಿಷ್ ಮಾತ್ರ. ಅಲ್ಲಿ “ವಿ ಪ್ರೋಸೆಸ್” ಅಂತ ಬರೆದರೆ ಮಿಲ್ಲು ಓಡುತ್ತಿದೆ ಅಂತಲೇ ಅರ್ಥ. ಕಟ್ಟದೇ ಇರುವ ಮಿಲ್ಲನ್ನು ಓಡಿಸಿಬಿಟ್ಟಂತಾಯಿತು!

840 ಅನ್ನೋ ಅಂಕಿ ಒಂದಿಷ್ಟೂ ಬದಲಾಗಿಲ್ಲ ನೋಡಿ. ಬದಲಾಗಿದ್ದು ಅದರ ಪಕ್ಕದ ಮಾತು. ಇಂಥ ಬರವಣಿಗೆಯಲ್ಲಿ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಈ ಜಾತಿಯವೇ. ಅಂಕಿಯನ್ನು ಎಲ್ಲರೂ ಎರಡು ಸಲ ನೋಡುತ್ತಾರೆ. ಪಕ್ಕದ ಮಾತನ್ನು ಯಾರೂ ನೋಡುವುದಿಲ್ಲ.

## ಸಾರಾಂಶದಲ್ಲಿ ಏನೇನಿರುತ್ತದೆ

ಬಿಸಿನೆಸ್ ಪ್ಲಾನ್ ಮೂವತ್ತು ನಲವತ್ತು ಪುಟ ಇರಬಹುದು. ಅದರ ಮುಂದೆ ಬರುವ ಒಂದೆರಡು ಪುಟದ ಸಾರಾಂಶವನ್ನೇ ಸಾಲದಾತರು ಮೊದಲು ಓದುವುದು. ಎಷ್ಟು ಹಣ ಬೇಕು, ಯಾತಕ್ಕೆ, ಹೇಗೆ ವಾಪಸ್ ಕೊಡುತ್ತೀರಿ ಅನ್ನುವ ಮೂರು ಪ್ರಶ್ನೆಗೆ ಅಲ್ಲಿ ಉತ್ತರ ಇರಬೇಕು.

ಅದರಲ್ಲಿ ಬರುವ ಅಂಕಿಗಳು ಮೂರು ಬಗೆ. ನಿಜವಾಗಿ ಆಗಿಹೋದದ್ದು ಒಂದು, ಅಂದರೆ ಆಡಿಟ್ ಆದ ಲೆಕ್ಕ. ಈಗ ನಡೆಯುತ್ತಿರುವ ವರ್ಷದ ಅಂದಾಜು ಇನ್ನೊಂದು. ಮುಂದಿನ ವರ್ಷಗಳಿಗೆ ಹಾಕಿದ ಲೆಕ್ಕ ಮೂರನೆಯದು. ನಮ್ಮ ಬ್ಯಾಂಕ್‌ಗಳಿಗೆ ಸಾಲದ ಅರ್ಜಿಯ ಜತೆ ಕೊಡುವ ಸಿಎಂಎ ಡೇಟಾ ಅನ್ನೋ ಲೆಕ್ಕಪಟ್ಟಿಯಲ್ಲೂ ಇವನ್ನು ಆಡಿಟೆಡ್, ಎಸ್ಟಿಮೇಟೆಡ್, ಪ್ರೊಜೆಕ್ಟೆಡ್ ಅಂತ ಬೇರೆ ಬೇರೆ ಕಾಲಂನಲ್ಲಿ ತೋರಿಸುತ್ತಾರೆ. ಆದರೆ ಕನ್ನಡದ ಸಾರಾಂಶದಲ್ಲಿ ಎರಡನೆಯದೂ “ಅಂದಾಜು”, ಮೂರನೆಯದೂ “ಅಂದಾಜು”. ಇಂಗ್ಲಿಷ್‌ಗೆ ಹೋಗುವಾಗ ಇವನ್ನು ಬಿಡಿಸಿ ಬರೆಯಬೇಕು.

ಇನ್ನು ಅಸಂಪ್ಷನ್. ಇದನ್ನು ಇಲ್ಲಿ “ಊಹೆ” ಅಂತ ಕರೆಯುತ್ತೇನೆ, ಆದರೆ ಸುಮ್ನೆ ಗಾಳಿಯಲ್ಲಿ ಹೇಳಿದ್ದು ಅನ್ನೋ ಅರ್ಥದಲ್ಲಿ ಅಲ್ಲ. ಮದುವೆ ಅಡುಗೆ ಭಟ್ಟರನ್ನು ಕೇಳಿದರೆ ಇಷ್ಟು ಅಕ್ಕಿ, ಇಷ್ಟು ಬೇಳೆ ಅಂತ ಪಟ್ಟಿ ಬರೆದುಕೊಡುತ್ತಾರೆ. ಪಟ್ಟಿಯ ತಲೆಯ ಮೇಲೆ “500 ಎಲೆ, ಒಂದೇ ಹೊತ್ತು” ಅಂತ ಇರುತ್ತದೆ. ಆ ಸಾಲು ಹರಿದುಹೋದರೆ ಉಳಿದ ಪಟ್ಟಿಗೆ ಅರ್ಥವಿಲ್ಲ. ಬಿಸಿನೆಸ್ ಪ್ಲಾನ್‌ನ ಊಹೆ ಅಂದರೆ ಆ ತಲೆಸಾಲು. ಲಾಭ ಇಷ್ಟು ಬರಬೇಕಾದರೆ ಏನೇನು ನಿಜವಾಗಬೇಕು ಅನ್ನೋದರ ಪಟ್ಟಿ.

## ಒಂದು ಉದಾಹರಣೆ ಇಟ್ಟುಕೊಳ್ಳೋಣ

ಇದು ಕಲ್ಪಿಸಿಕೊಂಡ ಲೆಕ್ಕ. ನವಣೆಯ ಹೊಟ್ಟು ತೆಗೆದು ಅಕ್ಕಿ ಮಾಡುವ ಒಂದು ಹೊಸ ಘಟಕ. ಒಟ್ಟು ವೆಚ್ಚ ಎರಡೂಕಾಲು ಕೋಟಿ. ಅದರಲ್ಲಿ ಒಂದೂವರೆ ಕೋಟಿ ಸಾಲ, 50 ಲಕ್ಷ ಸ್ವಂತ ಬಂಡವಾಳ, 25 ಲಕ್ಷ ಸಹಾಯಧನ.

ಯಂತ್ರ ಗಂಟೆಗೆ 500 ಕೆಜಿ ನವಣೆ ತೆಗೆದುಕೊಳ್ಳುತ್ತದೆ. ದಿನಕ್ಕೆ 8 ಗಂಟೆ, ವರ್ಷಕ್ಕೆ 300 ದಿನ ಅಂದರೆ ಪೂರ್ತಿ ಸಾಮರ್ಥ್ಯ 1,200 ಟನ್. ಎರಡನೇ ವರ್ಷ ಅದರ ಶೇಕಡಾ 70, ಅಂದರೆ 840 ಟನ್. ನೂರು ಕೆಜಿ ನವಣೆಗೆ 65 ಕೆಜಿ ಅಕ್ಕಿ ಸಿಗುತ್ತದೆ ಅನ್ನೋದು ಲೆಕ್ಕ. ಮಿಲ್ಲಿನವರು ಇದನ್ನು ರಿಕವರಿ ಅನ್ನುತ್ತಾರೆ. ಹಾಗಾಗಿ 546 ಟನ್ ಅಕ್ಕಿ. ಕೆಜಿಗೆ 80 ರೂಪಾಯಿಯಂತೆ ಮಾರಿದರೆ 4 ಕೋಟಿ 36 ಲಕ್ಷದ 80 ಸಾವಿರ. ನವಣೆಗೆ ಕೆಜಿಗೆ 40 ರೂಪಾಯಿಯಂತೆ 3 ಕೋಟಿ 36 ಲಕ್ಷ ಖರ್ಚು. ಕೂಲಿ, ಕರೆಂಟು, ಪ್ಯಾಕಿಂಗ್, ಸಾಗಣೆ ಎಲ್ಲಾ ಸೇರಿ 44 ಲಕ್ಷ. ಉಳಿಯುವುದು 56 ಲಕ್ಷದ 80 ಸಾವಿರ.

ಇಷ್ಟನ್ನು ತಲೆಯಲ್ಲಿಟ್ಟುಕೊಂಡರೆ ಸಾಕು. ಮುಂದೆ ಹೇಳುವುದೆಲ್ಲ ಇದರ ಮೇಲೇ.

## ಕ್ರಿಯಾಪದ ಮತ್ತು “ನಮ್ಮ”

840 ಟನ್ ವಾಕ್ಯಕ್ಕೆ ವಾಪಸ್ ಬರೋಣ. ಇಂಗ್ಲಿಷ್‌ನಲ್ಲಿ ಇದಕ್ಕೆ ಮೂರು ದಾರಿ. “ವಿ ಪ್ರೋಸೆಸ್” ಅಂದರೆ ಈಗ ನಡೆಯುತ್ತಿದೆ. “ವಿ ಕ್ಯಾನ್ ಪ್ರೋಸೆಸ್” ಅಂದರೆ ಯಂತ್ರಕ್ಕೆ ಅಷ್ಟು ತಾಕತ್ತಿದೆ, ಅಂದರೆ ಸಾಮರ್ಥ್ಯವೇ 840 ಟನ್. “ವಿ ಪ್ರೊಜೆಕ್ಟ್” ಅಂದರೆ ಮುಂದಿನ ಒಂದು ವರ್ಷಕ್ಕೆ ಹಾಕಿದ ಲೆಕ್ಕ. ನಮ್ಮ ಉದಾಹರಣೆಗೆ ಸರಿಹೊಂದುವುದು ಮೂರನೆಯದು ಮಾತ್ರ. ಅದೂ ಒಂಟಿಯಾಗಿ ಅಲ್ಲ. ಯಾವ ವರ್ಷ, ಸಾಮರ್ಥ್ಯದ ಎಷ್ಟು ಪಾಲು, ಎಷ್ಟು ಪಾಳಿ ಅನ್ನೋದು ಅದೇ ವಾಕ್ಯದಲ್ಲಿ ಬರಬೇಕು. “ಕಾರ್ಯಾಚರಣೆಯ ಎರಡನೇ ವರ್ಷದಲ್ಲಿ, 1,200 ಟನ್ ಸಾಮರ್ಥ್ಯದ ಶೇಕಡಾ 70ರಂತೆ, ಒಂದೇ ಪಾಳಿಯಲ್ಲಿ 840 ಟನ್ ಅಂತ ಲೆಕ್ಕ ಹಾಕಿದ್ದೇವೆ” ಅನ್ನೋ ಅರ್ಥ ಪೂರ್ತಿ ಬರುವಂತೆ ಬರೆಯಿರಿ. ಉದ್ದವಾಯಿತು ಅಂತ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

“ಸಹಾಯಧನ ಬರುತ್ತದೆ” ಅನ್ನೋದು ಇದರ ಅಣ್ಣ. ಅರ್ಜಿ ಹಾಕಿದ್ದಾರಾ? ಮಂಜೂರಾಗಿದೆಯಾ? ಖಾತೆಗೆ ಬಂದಿದೆಯಾ? ಮೂರಕ್ಕೂ ನಾವು “ಬರುತ್ತದೆ” ಅಂದುಬಿಡುತ್ತೇವೆ. ಬರೆಯುವವರು ಮಾಲೀಕರನ್ನು ಕೇಳಲೇಬೇಕು, ಮಂಜೂರಾತಿ ಪತ್ರ ಇದ್ದರೆ ನೋಡಲೇಬೇಕು. ಇಲ್ಲಿ ಇನ್ನೊಂದು ಸಿಕ್ಕೂ ಇದೆ. ಸಾಲಕ್ಕೆ ಜೋಡಿಸಿದ ಸಹಾಯಧನ ಯೋಜನೆಗಳಲ್ಲಿ ಇಲ್ಲಿನ ಬ್ಯಾಂಕ್‌ನಿಂದಲೇ ಸಾಲ ಪಡೆದಿರಬೇಕು ಅನ್ನೋ ಷರತ್ತು ಇರುವುದುಂಟು. ಕನ್ನಡದ ಪ್ಲಾನ್ ಮೊದಲು ಊರಿನ ಬ್ಯಾಂಕ್‌ಗೆಂದು ಬರೆದದ್ದಾಗಿದ್ದರೆ, ಸಾಲ ಕೊಡುವವರು ಬದಲಾದಾಗ ಆ 25 ಲಕ್ಷದ ಊಹೆಯೇ ಉಳಿಯುತ್ತದಾ ಅಂತ ಕೇಳಿಕೊಳ್ಳಬೇಕು.

ಹಾಗೇ “400 ರೈತರ ಜತೆ ಮಾತಾಗಿದೆ”. ಇದು ಕಾಂಟ್ರಾಕ್ಟ್ ಆಗಿದೆ ಅಂತಲ್ಲ. ಕಾಗದ ಇಲ್ಲದ ಒಪ್ಪಿಗೆಯನ್ನು ಇಂಗ್ಲಿಷ್‌ನಲ್ಲಿ “ವರ್ಬಲ್” ಅಥವಾ “ನಾಟ್ ಯೆಟ್ ಸೈನ್ಡ್” ಅಂತ ನೇರವಾಗಿ ಹೇಳಬಹುದು. ಹೀಗೆ ಹೇಳಿದರೆ ಪ್ಲಾನ್ ಸಪ್ಪೆ ಕಾಣುತ್ತೆ ಅನ್ನೋ ಭಯ ಮಾಲೀಕರಿಗೆ ಇರುತ್ತದೆ. ಆದರೆ “ಕಾಂಟ್ರಾಕ್ಟೆಡ್” ಅಂತ ಬರೆದರೆ ಮರುದಿನವೇ ಕಾಂಟ್ರಾಕ್ಟ್ ಪ್ರತಿ ಕೇಳುತ್ತಾರೆ. ಆಗ ಏನು ಕಳಿಸೋದು?

“ನಮ್ಮ ಜಾಗದಲ್ಲೇ ಘಟಕ” ಅನ್ನುವಾಗಿನ “ನಮ್ಮ” ಕೂಡ ಹೀಗೇ. ಮಾತಾಡುವಾಗ ಅಪ್ಪನ ಹೆಸರಲ್ಲಿರುವ ಜಮೀನೂ ನಮ್ಮದೇ, ಅಣ್ಣತಮ್ಮಂದಿರ ಜಂಟಿ ಆಸ್ತಿಯೂ ನಮ್ಮದೇ. ಸಾಲದಾತರು “ಅವರ್ ಲ್ಯಾಂಡ್” ಅಂತ ಓದಿದರೆ ಸಾಲ ಪಡೆಯುವ ಕಂಪನಿಯ ಹೆಸರಲ್ಲಿದೆ ಅಂದುಕೊಳ್ಳುತ್ತಾರೆ, ಅಡಮಾನಕ್ಕೆ ಸಿಗುತ್ತೆ ಅಂತಲೂ ಲೆಕ್ಕ ಹಾಕುತ್ತಾರೆ. ಪಹಣಿ ಯಾರ ಹೆಸರಲ್ಲಿದೆ, ಕಂಪನಿಗೆ ಕೊಟ್ಟಿರುವುದು ಲೀಸ್ ಮೇಲಾ, ಎಷ್ಟು ವರ್ಷಕ್ಕೆ ಅಂತ ಬರೆದರೆ ಅಲ್ಲಿಗೆ ಮುಗಿಯಿತು.

## ಲಾಭ ಅಂದರೆ ಯಾವ ಲಾಭ

ಕನ್ನಡದ ಸಾರಾಂಶದಲ್ಲಿ “ಎರಡನೇ ವರ್ಷ 56.8 ಲಕ್ಷ ಲಾಭ” ಅಂತ ಇರುತ್ತದೆ. ಅವಸರದಲ್ಲಿ ಇದು “ನೆಟ್ ಪ್ರಾಫಿಟ್” ಆಗಿಬಿಡುತ್ತದೆ. ಆದರೆ ನಾವು ಕಳೆದದ್ದು ನವಣೆಯ ಬೆಲೆ ಮತ್ತು ನಡೆಸುವ ಖರ್ಚು ಮಾತ್ರ. ಬಡ್ಡಿ ಕಳೆದಿಲ್ಲ. ಯಂತ್ರ ಸವೆಯುವುದಕ್ಕೆ ಇಡುವ ಸವಕಳಿ ಕಳೆದಿಲ್ಲ. ತೆರಿಗೆಯೂ ಇಲ್ಲ. ಇಂಗ್ಲಿಷ್‌ನಲ್ಲಿ ಇದಕ್ಕೆ ಇಬಿಟ್ಡಾ ಅನ್ನೋ ಹೆಸರಿದೆ, ಅಂದರೆ ಬಡ್ಡಿ, ತೆರಿಗೆ, ಸವಕಳಿಗಿಂತ ಮುಂಚಿನ ಗಳಿಕೆ.

ಬಡ್ಡಿ 15 ಲಕ್ಷ, ಸವಕಳಿ 24 ಲಕ್ಷ ಅಂತ ಇಟ್ಟುಕೊಂಡರೆ ತೆರಿಗೆಗೆ ಮುಂಚಿನ ಲಾಭ 17.8 ಲಕ್ಷ. ತೆರಿಗೆ ಸುಮಾರು 4.5 ಲಕ್ಷ ಹೋದರೆ ನಿಜವಾದ ನಿವ್ವಳ ಲಾಭ 13.3 ಲಕ್ಷ. 56.8ಕ್ಕೂ 13.3ಕ್ಕೂ ಎಷ್ಟು ಅಂತರ! ಪದ ತಪ್ಪಿದರೆ ಲಾಭ ನಾಲ್ಕು ಪಟ್ಟು ಆಗುತ್ತದೆ, ಯಾರೂ ಅಂಕಿ ಮುಟ್ಟದೇ ಇದ್ದರೂ.

ಯಾವ ಲಾಭ ಅನ್ನೋದನ್ನು ಕನ್ನಡದ ಪದ ನೋಡಿ ತೀರ್ಮಾನಿಸಬೇಡಿ. ಹಿಂದಿನ ಪುಟದ ಲೆಕ್ಕಕ್ಕೆ ಹೋಗಿ, ಯಾವುದನ್ನೆಲ್ಲ ಕಳೆದಿದ್ದಾರೆ ನೋಡಿ, ಆಮೇಲೆ ಇಂಗ್ಲಿಷ್ ಹೆಸರು ಕೊಡಿ. “ವಹಿವಾಟು” ಕೂಡ ಇಂಥದ್ದೇ ಪದ. ಅದರಲ್ಲಿ ಜಿಎಸ್‌ಟಿ ಸೇರಿದೆಯಾ ಇಲ್ಲವಾ ಅಂತ ಪದ ಹೇಳುವುದಿಲ್ಲ. ಜಿಎಸ್‌ಟಿ ಸರ್ಕಾರದ ಪರವಾಗಿ ವಸೂಲಿ ಮಾಡಿ ಕಟ್ಟುವ ಹಣ, ಕಂಪನಿಯ ಆದಾಯವಲ್ಲ. ಹಾಗಾಗಿ ಜಿಎಸ್‌ಟಿ ಸೇರಿಸಿ ಬರೆದ ವಹಿವಾಟನ್ನು “ರೆವೆನ್ಯೂ” ಅಂತ ಕರೆದರೆ ಅದು ತಪ್ಪು ಲೆಕ್ಕ.

ಸ್ವಂತ ಬಂಡವಾಳ 50 ಲಕ್ಷ ಅಂತ ಇತ್ತಲ್ಲ, ಅಲ್ಲೂ ಒಂದು ಮಾತು ಕೇಳಬೇಕು. ಅದರಲ್ಲಿ 20 ಲಕ್ಷ ಭಾವನ ಹತ್ತಿರ ತಂದ ಕೈಸಾಲ ಆಗಿದ್ದರೆ ಅದು “ಈಕ್ವಿಟಿ” ಅಲ್ಲ. ವಾಪಸ್ ಕೊಡಬೇಕಾದ ಹಣ, ಅಡಮಾನ ಇಲ್ಲದ ಸಾಲ. 30 ಮತ್ತು 20 ಅಂತ ಬಿಡಿಸಿ ತೋರಿಸಿದರೂ ಮೊತ್ತ 50ಕ್ಕೇ ನಿಲ್ಲುತ್ತದೆ, ಆದರೆ ಯಾರ ಹಣ ಎಷ್ಟು ಅಪಾಯದಲ್ಲಿದೆ ಅನ್ನೋದು ಓದುವವರಿಗೆ ಗೊತ್ತಾಗುತ್ತದೆ.

## ಎರಡೂಕಾಲು ಕೋಟಿ ಎಷ್ಟು ಮಿಲಿಯನ್

1 ಕೋಟಿ ಅಂದರೆ 10 ಮಿಲಿಯನ್. 1 ಲಕ್ಷ ಅಂದರೆ 0.1 ಮಿಲಿಯನ್, ಅಂದರೆ 100 ಥೌಸಂಡ್. ಇದಿಷ್ಟೇ ಸೂತ್ರ. ಆದರೂ ಜನ ಎಡವುತ್ತಾರೆ, ನಾನೂ ಎಡವಿದ್ದೇನೆ. ಒಮ್ಮೆ ಅವಸರದಲ್ಲಿ “ಎರಡೂಕಾಲು ಕೋಟಿ”ಯನ್ನು 2.25 ಮಿಲಿಯನ್ ಅಂತ ಬರೆದು ಕಳಿಸಿದ್ದೆ. ಕೋಟಿ ಅಳಿಸಿ ಮಿಲಿಯನ್ ಹಾಕಿದ್ದೆ, ಹತ್ತರಿಂದ ಗುಣಿಸುವುದು ಮರೆತಿದ್ದೆ. ಆ ಕಡೆಯವರು “ಸಾಲವೇ ಒಟ್ಟು ವೆಚ್ಚಕ್ಕಿಂತ ಜಾಸ್ತಿ ಇದೆಯಲ್ಲ” ಅಂತ ಕೇಳಿದಾಗಲೇ ಗೊತ್ತಾಗಿದ್ದು. ಸರಿಯಾದ ಉತ್ತರ 22.5 ಮಿಲಿಯನ್ ರೂಪಾಯಿ.

ಅಕ್ಷರದಲ್ಲಿರುವ ಮೊತ್ತವನ್ನು ಮೊದಲು ಪೂರ್ತಿ ಅಂಕಿಯಲ್ಲಿ ಬರೆದುಕೊಳ್ಳುವುದು ಒಳ್ಳೆಯದು. ಎರಡೂಕಾಲು ಕೋಟಿ ಅಂದರೆ 2,25,00,000. ಆಮೇಲೆ ಅಲ್ಪವಿರಾಮ ಮಾತ್ರ ಜರುಗಿಸಿ, ಮೂರು ಮೂರು ಅಂಕಿಗೆ ಒಂದರಂತೆ: 22,500,000. ಅಂಕಿಗಳ ಸಾಲು ಎರಡರಲ್ಲೂ ಒಂದೇ. ಹೀಗೆ ಮಾಡಿದರೆ ತಪ್ಪಲು ಜಾಗವೇ ಇರುವುದಿಲ್ಲ. ಒಂದೂವರೆ, ಒಂದೂಮುಕ್ಕಾಲು, ಎರಡೂಕಾಲು ಇವೆಲ್ಲ ಬಾಯಲ್ಲಿ ಸರಾಗ, ಕೀಬೋರ್ಡ್ ಮೇಲೆ ಅಪಾಯ.

ಇನ್ನು ಡಾಲರ್. ಪ್ಲಾನ್‌ನ ಮೂಲ ಲೆಕ್ಕ ರೂಪಾಯಿಯಲ್ಲಿದೆ, ನವಣೆ ಕೊಳ್ಳುವುದೂ ಅಕ್ಕಿ ಮಾರುವುದೂ ರೂಪಾಯಿಯಲ್ಲೇ. ಆದ್ದರಿಂದ ಇಂಗ್ಲಿಷ್‌ನಲ್ಲೂ ರೂಪಾಯಿಯೇ ಮುಖ್ಯ ಅಂಕಿ ಆಗಿರಲಿ. ಡಾಲರ್ ಅಂಕಿ ಬೇಕಿದ್ದರೆ ಪಕ್ಕದಲ್ಲಿ ಕೊಡಿ. ಯಾವ ದಿನದ, ಯಾರು ಪ್ರಕಟಿಸಿದ ದರ ಅಂತ ಒಂದು ಸಾಲು ಸೇರಿಸಿ. ನಮ್ಮಲ್ಲಿ ಡಾಲರ್‌ನ ರೆಫರೆನ್ಸ್ ದರವನ್ನು ಎಫ್‌ಬಿಐಎಲ್ ಅನ್ನೋ ಸಂಸ್ಥೆ ಪ್ರಕಟಿಸುತ್ತದೆ, ಅದನ್ನು ಹಿಡಿಯಬಹುದು. ಓದುವವರ ಅನುಕೂಲಕ್ಕೆ ಮಾತ್ರ ಹೀಗೆ ಪರಿವರ್ತಿಸಿದ್ದೇವೆ ಅನ್ನೋದಕ್ಕೆ ಇಂಗ್ಲಿಷ್‌ನಲ್ಲಿ “ಕನ್ವೀನಿಯನ್ಸ್ ಟ್ರಾನ್ಸ್‌ಲೇಷನ್” ಅನ್ನುತ್ತಾರೆ. ಈ ಹೆಸರೇ ಹೇಳುವಂತೆ, ಅದು ಭವಿಷ್ಯದ ಡಾಲರ್ ದರದ ಬಗ್ಗೆ ಕೊಟ್ಟ ಮಾತಲ್ಲ.

ಡಾಲರ್‌ಗೆ 90 ರೂಪಾಯಿ ಅಂತ ಇಟ್ಟುಕೊಂಡು ನಮ್ಮ ಲೆಕ್ಕ ನೋಡಿ. ಒಟ್ಟು ವೆಚ್ಚ ಸರಿಯಾಗಿ 250 ಸಾವಿರ ಡಾಲರ್. ಸಾಲ 166.67 ಸಾವಿರ, ಸ್ವಂತದ್ದು 55.56 ಸಾವಿರ, ಸಹಾಯಧನ 27.78 ಸಾವಿರ. ಒಂದೊಂದನ್ನೂ ಸಾವಿರಕ್ಕೆ ಪೂರ್ಣಾಂಕ ಮಾಡಿದರೆ 167, 56, 28. ಕೂಡಿಸಿ, 251 ಬರುತ್ತದೆ! ಒಟ್ಟು ಸಾಲಿನಲ್ಲಿ 250 ಅಂತ ಇರುತ್ತದೆ. ಯಾರೂ ತಪ್ಪು ಮಾಡಿಲ್ಲ, ಆದರೂ ಕೋಷ್ಟಕ ತಪ್ಪಾಗಿ ಕಾಣುತ್ತದೆ. ಇದನ್ನು ಸರಿಮಾಡಲು 56ನ್ನು 55 ಅಂತ ತಿದ್ದಬೇಡಿ. “ಪೂರ್ಣಾಂಕಕ್ಕೆ ಇಳಿಸಿದ್ದರಿಂದ ಮೊತ್ತ ತಾಳೆಯಾಗದೇ ಇರಬಹುದು” ಅಂತ ಕೆಳಗೆ ಬರೆಯಿರಿ, ಇಲ್ಲವೇ ಒಂದು ದಶಮಾಂಶ ಇಟ್ಟುಕೊಳ್ಳಿ: 166.7, 55.6, 27.8. ಇದನ್ನೂ ಕೂಡಿಸಿದರೆ 250.1. ಅಂದರೆ ಟಿಪ್ಪಣಿ ಹೇಗಿದ್ದರೂ ಬೇಕು.

ವರ್ಷದ ವಿಷಯ ಬೇಗ ಮುಗಿಸುತ್ತೇನೆ. “2028-29” ಅಂದರೆ ನಮಗೆ ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಒಂದು ವರ್ಷ. ಬೇರೆಯವರಿಗೆ ಎರಡು ವರ್ಷ ಅಂತ ಕಾಣಬಹುದು. “31 ಮಾರ್ಚ್ 2029ಕ್ಕೆ ಮುಗಿಯುವ ವರ್ಷ” ಅಂತ ಬರೆದರೆ ಗೊಂದಲವಿಲ್ಲ. ತಾರೀಖಿನಲ್ಲಿ ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ, ಯಾಕಂದರೆ 04/05 ಅಂತ ಹಾಕಿದರೆ ಅಮೆರಿಕದವರು ಅದನ್ನು ಏಪ್ರಿಲ್ 5 ಅಂತ ಓದುತ್ತಾರೆ. ಟನ್ ಅಂತ ಬಂದ ಕಡೆ ಮೆಟ್ರಿಕ್ ಟನ್ ಅನ್ನಿ, ಅವರ ಶಾರ್ಟ್ ಟನ್ ಸುಮಾರು 907 ಕೆಜಿ ಮಾತ್ರ. ಕ್ವಿಂಟಲ್ ಬಂದರೆ 100 ಕೆಜಿ ಅಂತ ಬಿಡಿಸಿ ಹೇಳಿ.

## 65 ಕೆಜಿ ಬಿಟ್ಟುಹೋದರೆ ಏನಾಗುತ್ತದೆ

ಸಾರಾಂಶವನ್ನು ಇಂಗ್ಲಿಷ್‌ಗೆ ತರುವಾಗ ಚಿಕ್ಕದು ಮಾಡಬೇಕಾಗುತ್ತದೆ. ಕನ್ನಡದ್ದು ಸಾಮಾನ್ಯವಾಗಿ ಊರು, ಮನೆತನ, ಈ ಆಲೋಚನೆ ಹೊಳೆದ ಕಥೆಯಿಂದ ಶುರುವಾಗುತ್ತದೆ. ಇಂಗ್ಲಿಷ್‌ನಲ್ಲಿ ಎಷ್ಟು ಹಣ, ಯಾತಕ್ಕೆ ಅನ್ನೋದು ಮೇಲೆ ಬರುತ್ತದೆ, ಕಥೆ ಎರಡು ಸಾಲಿಗೆ ಇಳಿಯುತ್ತದೆ. ಇದು ತಪ್ಪಲ್ಲ. ಮರುಬರವಣಿಗೆ ಅಂದರೆ ಇದೇ. ಕಷ್ಟ ಬರುವುದು ಕಥೆಯ ಜತೆ ಊಹೆಗಳೂ ಕತ್ತರಿಗೆ ಸಿಕ್ಕಾಗ. “ನೂರಕ್ಕೆ 65 ಕೆಜಿ ಅಕ್ಕಿ” ಅನ್ನೋ ಸಾಲು ಯಂತ್ರದ ವಿವರಣೆಯ ನಡುವೆ ಎಲ್ಲೋ ಇರುತ್ತದೆ. ತಾಂತ್ರಿಕ ವಿವರ ಅಂತ ತೆಗೆದುಬಿಡುತ್ತಾರೆ.

ಆ ಸಾಲಿನ ತೂಕ ಎಷ್ಟು ಅಂತ ಲೆಕ್ಕ ಹಾಕಿ ನೋಡೋಣ. ರಿಕವರಿ 65ರ ಬದಲು 60 ಬಂತು ಅಂತಿಟ್ಟುಕೊಳ್ಳಿ. 840 ಟನ್‌ಗೆ 504 ಟನ್ ಅಕ್ಕಿ. ಮಾರಾಟ 4 ಕೋಟಿ 3 ಲಕ್ಷದ 20 ಸಾವಿರ. ನವಣೆ ಖರ್ಚು ಅಷ್ಟೇ, ಉಳಿದ ಖರ್ಚೂ ಅಷ್ಟೇ. ಕೈಯಲ್ಲಿ ಉಳಿಯುವುದು 23.2 ಲಕ್ಷ. 56.8 ಇದ್ದದ್ದು 23.2ಕ್ಕೆ ಬಂತು. ನೂರಕ್ಕೆ ಐದು ಕೆಜಿ ಕಡಿಮೆಯಾಗಿದ್ದಕ್ಕೆ ಗಳಿಕೆ ಅರ್ಧಕ್ಕಿಂತ ಕೆಳಗಿಳಿಯಿತು. ಪ್ಲಾನ್ ನಿಂತಿರುವುದೇ ಈ ಸಾಲಿನ ಮೇಲೆ. ಇಂಗ್ಲಿಷ್‌ನಲ್ಲಿ ಈ ಸಾಲು ಇಲ್ಲದಿದ್ದರೆ ಸಾಲದಾತರಿಗೆ ಏನನ್ನು ಕೇಳಬೇಕು ಅನ್ನೋದೇ ತಿಳಿಯುವುದಿಲ್ಲ.

ಯಾವ ಊಹೆ ಉಳಿಸಬೇಕು, ಯಾವುದನ್ನು ಬಿಡಬಹುದು ಅನ್ನೋದಕ್ಕೂ ಇದೇ ಪರೀಕ್ಷೆ. ಸ್ವಲ್ಪ ಅಲ್ಲಾಡಿಸಿ ನೋಡಿ. ಕೊನೆಯ ಅಂಕಿ ಜೋರಾಗಿ ಅಲ್ಲಾಡಿದರೆ ಆ ಊಹೆ ಸಾರಾಂಶದಲ್ಲಿ ಇರಲೇಬೇಕು. ನಮ್ಮ ಘಟಕಕ್ಕೆ ರಿಕವರಿ, ಅಕ್ಕಿಯ ಬೆಲೆ, ನವಣೆಯ ಬೆಲೆ, ಸಾಮರ್ಥ್ಯದ ಬಳಕೆ ಇವು ನಾಲ್ಕು. ಪ್ಯಾಕಿಂಗ್ ಚೀಲದ ದರ ಒಳಪುಟದಲ್ಲಿದ್ದರೆ ಸಾಕು. “ಬೆಲೆ ಈಗಿನದೇ, ಏರಿಕೆ ಹಿಡಿದಿಲ್ಲ” ಅಂತ ಕನ್ನಡದಲ್ಲಿ ಇದ್ದರೆ ಅದೂ ಬರಬೇಕು. “ಹೊಟ್ಟು, ತೌಡಿನ ಮಾರಾಟ ಲೆಕ್ಕಕ್ಕೆ ಸೇರಿಸಿಲ್ಲ” ಅನ್ನೋ ಸಾಲೂ ಬರಬೇಕು. ಸೇರಿಸಿಲ್ಲ ಅನ್ನೋದೂ ಒಂದು ಊಹೆಯೇ.

ಇಲ್ಲೊಂದು ಸಣ್ಣ ಗುಂಡಿ ಇದೆ. “ರಿಕವರಿ ಶೇಕಡಾ 5 ಕಡಿಮೆಯಾದರೆ” ಅಂತ ಕನ್ನಡದಲ್ಲಿ ಬರೆದಾಗ ಅದು 65ರಿಂದ 60ಕ್ಕೆ ಇಳಿದದ್ದಾ, ಇಲ್ಲ 65ರಲ್ಲಿ ನೂರಕ್ಕೆ ಐದು ಪಾಲು ಇಳಿದು 61.75 ಆದದ್ದಾ? ಮೊದಲನೆಯದಕ್ಕೆ ಇಂಗ್ಲಿಷ್‌ನಲ್ಲಿ “ಪರ್ಸೆಂಟೇಜ್ ಪಾಯಿಂಟ್” ಅನ್ನಬೇಕು, ಎರಡನೆಯದಕ್ಕೆ “ಪರ್ಸೆಂಟ್”. ಮೊದಲನೆಯದರಲ್ಲಿ ಉಳಿಯುವುದು 23.2 ಲಕ್ಷ, ಎರಡನೆಯದರಲ್ಲಿ ಸುಮಾರು 35 ಲಕ್ಷ. ಸಂಶಯವಿದ್ದರೆ “65ರಿಂದ 60ಕ್ಕೆ” ಅಂತ ಎರಡೂ ತುದಿ ಬರೆದುಬಿಡಿ. “ಎರಡು ಪಟ್ಟು ಜಾಸ್ತಿ” ಅನ್ನೋದಕ್ಕೂ ಇದೇ ಮದ್ದು, ಯಾಕಂದರೆ 10 ಅನ್ನೋದು ಎರಡು ಪಟ್ಟು ಜಾಸ್ತಿಯಾದರೆ 20 ಅನ್ನುವವರೂ ಇದ್ದಾರೆ, 30 ಅನ್ನುವವರೂ ಇದ್ದಾರೆ.

## ಸಾಲ ತೀರಿಸುವ ಅನುಪಾತ

ಸಾಲದಾತರು ಮೊದಲು ಕಣ್ಣಾಡಿಸುವುದು ಡಿಎಸ್‌ಸಿಆರ್ ಅನ್ನೋ ಅಂಕಿಯ ಮೇಲೆ. ಆ ವರ್ಷ ಕೈಗೆ ಬರುವ ಹಣವನ್ನು ಆ ವರ್ಷ ಕಟ್ಟಬೇಕಾದ ಅಸಲು ಮತ್ತು ಬಡ್ಡಿಯಿಂದ ಭಾಗಿಸಿದರೆ ಸಿಗುವುದು. ಸಂಬಳ 45 ಸಾವಿರ, ಮನೆ ಸಾಲದ ಕಂತು 30 ಸಾವಿರ ಅಂದರೆ ಅನುಪಾತ 1.5. ಒಂದಕ್ಕಿಂತ ಕೆಳಗೆ ಹೋದರೆ ಕಂತು ಕಟ್ಟೋಕೆ ಆಗಲ್ಲ ಅಂತರ್ಥ.

ನಮ್ಮ ಘಟಕದಲ್ಲಿ ಮೊದಲ ವರ್ಷ ಅಸಲು ಕಟ್ಟಬೇಕಾಗಿಲ್ಲ, ಎರಡನೇ ವರ್ಷದಿಂದ ವರ್ಷಕ್ಕೆ 30 ಲಕ್ಷ. ಶೇಕಡಾ 10ರಂತೆ ಬಡ್ಡಿ 15 ಲಕ್ಷ. ಒಟ್ಟು 45 ಲಕ್ಷ. 56.8ನ್ನು 45ರಿಂದ ಭಾಗಿಸಿದರೆ 1.26. ಕನ್ನಡದ ಸಾರಾಂಶದಲ್ಲಿ ಇದೇ ಇದೆ ಅನ್ನಿ. ಆದರೆ ತೆರಿಗೆಯ 4.5 ಲಕ್ಷ ಕಳೆದು ಲೆಕ್ಕ ಹಾಕಿದರೆ 52.3 ಉಳಿಯುತ್ತದೆ, ಅನುಪಾತ 1.16. ಎರಡೂ ಅಂಕಿ ಅದರದರ ಮಟ್ಟಿಗೆ ಸರಿ. ಅದಕ್ಕೇ 1.26 ಅಂತ ಒಂಟಿಯಾಗಿ ಬರೆಯಬಾರದು. “ತೆರಿಗೆಗೆ ಮುಂಚೆ, ಎರಡನೇ ವರ್ಷ” ಅಂತ ಸೇರಿಸಿ, ಸೂತ್ರವನ್ನೂ ಒಂದು ಸಾಲಿನಲ್ಲಿ ಕೊಡಿ. ಬೇಕಾದ ಹಾಗೆ ಅವರು ತಿರುಗಿ ಲೆಕ್ಕ ಹಾಕಿಕೊಳ್ಳುತ್ತಾರೆ.

ಆ ಶೇಕಡಾ 10 ಬಡ್ಡಿಯೂ ಊಹೆ ಅನ್ನೋದನ್ನು ಮರೀಬೇಡಿ. ಅದು ರೂಪಾಯಿ ಸಾಲಕ್ಕೆ ಹಾಕಿದ್ದು. ವಿದೇಶಿ ಸಾಲ ಡಾಲರ್‌ನಲ್ಲಿ ಬಂದರೆ ಬಡ್ಡಿಯನ್ನು ಸಾಮಾನ್ಯವಾಗಿ ಸೋಫರ್‌ನಂಥ ಮಾನದಂಡ ದರದ ಮೇಲೆ ಇಷ್ಟು ಬೇಸಿಸ್ ಪಾಯಿಂಟ್ ಅಂತ ಹೇಳುತ್ತಾರೆ. ನೂರು ಬೇಸಿಸ್ ಪಾಯಿಂಟ್ ಅಂದರೆ ಶೇಕಡಾ 1. ಹಾಗಂತ ಬರೆಯುವವರು ತಾವೇ 10ನ್ನು ತೆಗೆದು ಕಡಿಮೆ ಬಡ್ಡಿ ಹಾಕಬಾರದು, ರೂಪಾಯಿ ಇಳಿದರೆ ಕಂತಿನ ಭಾರ ಏರುವ ಅಪಾಯವೂ ಜತೆಗೇ ಬರುತ್ತದೆ. ಅದು ಮಾಲೀಕರು ಮತ್ತು ಅವರ ಚಾರ್ಟರ್ಡ್ ಅಕೌಂಟೆಂಟ್ ಕೂತು ತಿರುಗಿ ಹಾಕಬೇಕಾದ ಲೆಕ್ಕ. ಹಣ ತರುವ ಮುಂಚೆ ಸಾಲವನ್ನು ಬ್ಯಾಂಕ್ ಮೂಲಕ ರಿಸರ್ವ್ ಬ್ಯಾಂಕ್‌ನಲ್ಲಿ ನೋಂದಾಯಿಸಿ ಲೋನ್ ರಿಜಿಸ್ಟ್ರೇಷನ್ ನಂಬರ್ ಪಡೆಯಬೇಕು. ಆ ಫಾರ್ಮ್‌ನಲ್ಲಿ ಒಂದು ಮೊತ್ತ, ಸಾರಾಂಶದಲ್ಲಿ ಇನ್ನೊಂದು ಮೊತ್ತ ಇದ್ದರೆ ಉತ್ತರ ಕೊಡುವವರು ಮಾಲೀಕರೇ.

## ಕೆಲಸ ಮಾಡುವ ಕ್ರಮ

ನಾನು ಬರೆಯುವ ಮುಂಚೆ ಒಂದು ಎಕ್ಸೆಲ್ ಹಾಳೆ ತೆರೆಯುತ್ತೇನೆ. ಕನ್ನಡದ ಸಾರಾಂಶದಲ್ಲಿ ಬರುವ ಪ್ರತಿ ಅಂಕಿಗೂ ಒಂದು ಸಾಲು. ಅಂಕಿ, ಅದರ ಘಟಕಮಾನ, ಯಾವ ವರ್ಷದ್ದು, ಆದದ್ದೋ ಅಂದಾಜೋ ಮುಂದಿನದೋ, ಮೂಲದ ಎಷ್ಟನೇ ಪುಟ, ಅದರ ಹಿಂದಿರುವ ಊಹೆ. ಕೊನೆಯ ಕಾಲಂ ಖಾಲಿ, ಇಂಗ್ಲಿಷ್‌ನಲ್ಲಿ ಅದು ಎಲ್ಲಿ ಬಂತು ಅನ್ನೋದಕ್ಕೆ. ಎರಡು ಪುಟಕ್ಕೆ ಮೂವತ್ತೋ ನಲವತ್ತೋ ಸಾಲು ಆಗುತ್ತದೆ. ಬರೆದು ಮುಗಿಸಿದ ಮೇಲೆ ಕೊನೆಯ ಕಾಲಂ ತುಂಬುತ್ತೇನೆ. ತುಂಬದೇ ಉಳಿದ ಸಾಲು ಬೇಕಂತಲೇ ಬಿಟ್ಟದ್ದೋ ಮರೆತದ್ದೋ ಅಂತ ನೋಡುತ್ತೇನೆ. ಇಂಗ್ಲಿಷ್‌ನಲ್ಲಿ ಇದ್ದು ಹಾಳೆಯಲ್ಲಿ ಇಲ್ಲದ ಅಂಕಿ ಸಿಕ್ಕರೆ ಅದು ಇನ್ನೂ ಕೆಟ್ಟದ್ದು, ನಾನೇ ಎಲ್ಲಿಂದಲೋ ತಂದದ್ದು.

ಆಮೇಲೆ ಕನ್ನಡದ ಮೂಲ ನೋಡಿರದ ಯಾರಿಗಾದರೂ ಇಂಗ್ಲಿಷ್ ಪುಟ ಕೊಟ್ಟು, ಓದಿ ಕನ್ನಡದಲ್ಲಿ ಹೇಳಿ ಅನ್ನುತ್ತೇನೆ. ಮಾಲೀಕರು ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಬೇಕು. “ಮಿಲ್ಲು ಈಗ ವರ್ಷಕ್ಕೆ 840 ಟನ್ ಮಾಡ್ತಿದೆ” ಅಂತ ಅವರು ಹೇಳಿದ ಕೂಡಲೇ ಮಾಲೀಕರು “ಅಯ್ಯೋ, ಇನ್ನೂ ಕಟ್ಟಿಲ್ಲ” ಅನ್ನುತ್ತಾರೆ. ತಪ್ಪು ಅಲ್ಲೇ ಸಿಗುತ್ತದೆ.

ಇದನ್ನೆಲ್ಲ ಮಾಡುವಾಗ ಮೂಲದಲ್ಲೇ ತಪ್ಪು ಕಾಣುವುದು ಮಾಮೂಲು. ಸಾರಾಂಶದಲ್ಲಿ 300 ದಿನ, ಒಳಪುಟದ ಲೆಕ್ಕದಲ್ಲಿ 280 ದಿನ. 280 ಅಂದರೆ ಸಾಮರ್ಥ್ಯ 1,120 ಟನ್, ಅದರ ಶೇಕಡಾ 70 ಅಂದರೆ 784 ಟನ್, 840 ಅಲ್ಲ. ಆಗ ಇಂಗ್ಲಿಷ್‌ನಲ್ಲಿ ಮಾತ್ರ ಸರಿಮಾಡಿ ಸುಮ್ಮನಾಗಬೇಡಿ. ನಿಮಗೆ ಸರಿ ಕಂಡದ್ದು ಮಾಲೀಕರ ಲೆಕ್ಕ ಆಗಿರಬೇಕಿಲ್ಲ, ವರ್ಷಕ್ಕೆ ಎಷ್ಟು ದಿನ ಮಿಲ್ಲು ಓಡಿಸುತ್ತಾರೆ ಅನ್ನೋದು ಅವರಿಗೇ ಗೊತ್ತು. ಕೇಳಿ, ಮೊದಲು ಕನ್ನಡದ ಪ್ಲಾನ್ ತಿದ್ದಿಸಿ, ತಿದ್ದಿದ ತಾರೀಖು ಹಾಕಿಸಿ, ಆಮೇಲೆ ಇಂಗ್ಲಿಷ್ ಬದಲಿಸಿ. ಆರು ತಿಂಗಳಾದ ಮೇಲೆ ಆ ಕಡೆಯಿಂದ “ಈ 784 ಎಲ್ಲಿಂದ ಬಂತು” ಅಂತ ಮೇಲ್ ಬಂದಾಗ ಮಾಲೀಕರು ತಮ್ಮ ಕನ್ನಡದ ಪ್ರತಿಯ ಅದೇ ಪುಟ ತೆಗೆದು ಉತ್ತರ ಕೊಡುವ ಹಾಗಿರಬೇಕು.